ಚಾರ್ಜರ್ ಹಾಕಿದ್ದೆ, ಆದರೂ ಬ್ಯಾಟರಿ ಸತ್ತಿತ್ತು

ಕಳೆದ ವರ್ಷ ಕೈಲ್ ಮುಹೂರ್ತಕ್ಕೆ ಊರಿಗೆ ಹೋದವನು ಶೆಡ್ಡಿನ ಬಾಗಿಲು ತೆಗೆದು ಕಾರಿನ ಕೀ ತಿರುಗಿಸಿದೆ. ಟಕ್ ಅನ್ನುವ ಸದ್ದೂ ಬರಲಿಲ್ಲ. ಮೀಟರ್ ಹಿಡಿದು ನೋಡಿದರೆ 9.4 ವೋಲ್ಟ್! ತಮಾಷೆ ಅಂದರೆ, ಜೂನ್ ಮೊದಲ ವಾರ ಬೆಂಗಳೂರಿಗೆ ಹೊರಡುವಾಗ ಬ್ಯಾಟರಿಗೆ ಸ್ಮಾರ್ಟ್ ಚಾರ್ಜರ್ ಸಿಕ್ಕಿಸಿಯೇ ಹೋಗಿದ್ದೆ. ಅದು ಅಲ್ಲೇ ಇತ್ತು, ಪ್ಲಗ್ಗೂ ಹಾಕಿತ್ತು, ಕರೆಂಟೂ ಇತ್ತು.

ಆದದ್ದು ಇಷ್ಟೇ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಒಮ್ಮೆ ಕರೆಂಟ್ ಹೋಗಿ ಬಂದಾಗ ನನ್ನ ಚಾರ್ಜರ್ ತಾನಾಗಿ ಕೆಲಸ ಶುರುಮಾಡದೆ, ಯಾರಾದರೂ ಬಟನ್ ಒತ್ತಲಿ ಅಂತ ಕಾಯುತ್ತಾ ಕೂತಿದೆ. ಖಾಲಿ ಮನೆಯಲ್ಲಿ ಒತ್ತುವವರು ಯಾರು?

ಹಾಗಂತ ಈ ಚಾರ್ಜರುಗಳು ದಂಡ ಅನ್ನುವುದಿಲ್ಲ. ಹಳೇ ಕಾಲದ ಗ್ಯಾರೇಜ್ ಚಾರ್ಜರ್ ಬ್ಯಾಟರಿ ತುಂಬಿದ ಮೇಲೂ ತಳ್ಳುತ್ತಲೇ ಇರುತ್ತದೆ, ಒಳಗಿನ ನೀರು ಕುದಿದು ಆರುತ್ತದೆ. ಸ್ಮಾರ್ಟ್ ಚಾರ್ಜರ್ ಸುಮಾರು 14.4 ವೋಲ್ಟಿನ ತನಕ ತುಂಬಿಸಿ, ಆಮೇಲೆ 13.5ರ ಆಸುಪಾಸಿಗೆ ಇಳಿದು, ಸೋರಿದಷ್ಟನ್ನು ಮಾತ್ರ ಕೊಡುತ್ತದೆ. ತಿಂಗಳುಗಟ್ಟಲೆ ಹಾಕಿಟ್ಟರೂ ತೊಂದರೆಯಿಲ್ಲ. ನನ್ನ ತಕರಾರು ಚಾರ್ಜರಿನ ಮೇಲಲ್ಲ, ಅದೊಂದನ್ನೇ ನಂಬಿ ಹೋಗುವುದರ ಮೇಲೆ.

ಲೆಕ್ಕ ಹಾಕಿ ನೋಡಿ. ಬೀಗ ಹಾಕಿ ನಿಲ್ಲಿಸಿದ ಕಾರು ಕೂಡ ಅಲಾರಂ, ರೇಡಿಯೋ, ಕಂಪ್ಯೂಟರ್ ಅಂತ ಕರೆಂಟ್ ಹೀರುತ್ತಿರುತ್ತದೆ. ನನ್ನದರಲ್ಲಿ ಅಳೆದಾಗ 30 ಮಿಲಿಆಂಪ್ ಬಂತು. ಅಂದರೆ ದಿನಕ್ಕೆ 0.72 ಆಂಪ್-ಅವರ್. ನನ್ನ ಬ್ಯಾಟರಿ 35 ಆಂಪ್-ಅವರ್. 24 ದಿನಕ್ಕೆ ಅರ್ಧ ಖಾಲಿ, ಐವತ್ತು ದಿನಕ್ಕೆ ಪೂರ್ತಿ! ಜುಲೈ ಮೊದಲಲ್ಲಿ ಚಾರ್ಜರ್ ನಿಂತಿದ್ದರೆ ಸೆಪ್ಟೆಂಬರ್ ಹೊತ್ತಿಗೆ ಕಥೆ ಮುಗಿಯಲೇಬೇಕು. ಖಾಲಿಯಾಗಿ ಬಿದ್ದ ಬ್ಯಾಟರಿಯ ತಟ್ಟೆಗಳ ಮೇಲೆ ಕೂತ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗುವುದಿಲ್ಲ. ನನ್ನ ಚಾರ್ಜರಂತೂ ಅಷ್ಟು ಇಳಿದ ಬ್ಯಾಟರಿಯನ್ನು ಮುಟ್ಟಲೇ ಒಪ್ಪದೆ ಕೆಂಪು ದೀಪ ತೋರಿಸಿತು. ಹೊಸ ಬ್ಯಾಟರಿ ತರಬೇಕಾಯ್ತು.

"ಯಾರಿಗಾದ್ರೂ ಹೇಳಿ ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿಸ್ಬಾರ್ದಿತ್ತಾ?" ಅಂದರು ದೊಡ್ಡಪ್ಪ. ಇದು ಎಲ್ಲರೂ ಕೊಡುವ ಸಲಹೆ, ನನಗೆ ಒಪ್ಪಿಗೆಯಿಲ್ಲ. ಬ್ಯಾಟರಿಯ ಕೊನೆಯ ಕಾಲು ಭಾಗ ತುಂಬಲು ಗಂಟೆಗಳೇ ಬೇಕು, ನಿಂತಲ್ಲೇ ಐದು ನಿಮಿಷ ಓಡಿಸಿದರೆ ವಾರದ ಸೋರಿಕೆ ತುಂಬುವುದಿಲ್ಲ. ಮೇಲಾಗಿ ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ. ಕಕ್ಕಡದ ಥಂಡಿಯಲ್ಲಿ ಅದು ಆರುವುದೂ ಇಲ್ಲ. ಮಾಡಿಸುವುದಿದ್ದರೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು.

ಈ ವರ್ಷ ನಾನು ಮಾಡಿದ್ದು ಹೀಗೆ. ಮೊದಲು ಒಂದು ರಾತ್ರಿ ಚಾರ್ಜರ್ ಹಾಕಿ ಬ್ಯಾಟರಿ ಪೂರ್ತಿ ತುಂಬಿಸಿದೆ. ಆಮೇಲೆ ಬಾನೆಟ್ ತೆರೆದೇ ಇಟ್ಟು, ಕಾರಿನ ನೆಗೆಟಿವ್ ವೈರನ್ನು ಬಿಚ್ಚಿ, ಅಲ್ಲಾಡಿ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟೆ. ಚಾರ್ಜರಿನ ಎರಡು ಕ್ಲಿಪ್ಪುಗಳನ್ನೂ ನೇರ ಬ್ಯಾಟರಿಗೇ, ಮೊದಲು ಪಾಸಿಟಿವ್ ಆಮೇಲೆ ನೆಗೆಟಿವ್, ಸಿಕ್ಕಿಸಿ, ಕೊನೆಗೆ ಸ್ವಿಚ್ ಹಾಕಿದೆ. ಈಗ ಕರೆಂಟ್ ಹೋದರೂ ಕಾರು ಬ್ಯಾಟರಿಯನ್ನು ಹೀರಲಾರದು. ಬ್ಯಾಟರಿ ತನ್ನಷ್ಟಕ್ಕೆ ಸೋರುವುದು ನಮ್ಮ ತಂಪಿನಲ್ಲಿ ತೀರಾ ಕಡಿಮೆ, ಒಳ್ಳೆಯ ಬ್ಯಾಟರಿಯಾದರೆ ತಿಂಗಳಿಗೆ ನೂರಕ್ಕೆ ಐದರ ಒಳಗೆ. ಹಾಗಾಗಿ ಚಾರ್ಜರ್ ಮಧ್ಯದಲ್ಲಿ ಕೈಕೊಟ್ಟರೂ ಮೂರು ತಿಂಗಳು ದಾಟಬಹುದು. ಗಡಿಯಾರ, ರೇಡಿಯೋ ಸೆಟ್ಟಿಂಗ್ ಅಳಿಸಿಹೋಗುತ್ತವೆ, ರಿಮೋಟ್ ಕೆಲಸ ಮಾಡುವುದಿಲ್ಲ, ಅಷ್ಟೇ ನಷ್ಟ. ಬಾಗಿಲಿಗೆ ಕೀಯಿಂದಲೇ ಬೀಗ ಹಾಕಿ.

ಚಾರ್ಜರನ್ನೂ ಬದಲಾಯಿಸಿದೆ. ಅಂಗಡಿಯಲ್ಲೇ ಒಂದು ಬ್ಯಾಟರಿಗೆ ಹಾಕಿಸಿ, ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ ಅಂದೆ. ಬಟನ್ ಮುಟ್ಟದೆ ದೀಪ ಚಾರ್ಜಿಂಗಿಗೆ ಮರಳಿದ್ದನ್ನೇ ಕೊಂಡೆ. ಎಷ್ಟು ಆಂಪ್, ಎಷ್ಟು ದೀಪ ಅನ್ನುವುದಕ್ಕಿಂತ ಈ ಒಂದು ಪರೀಕ್ಷೆ ಮುಖ್ಯ. ನಿಲ್ಲಿಸಿದ ಕಾರಿಗೆ 1 ಆಂಪಿನದ್ದೂ ಸಾಕು.

ಈ ಸಲ ಸೆಪ್ಟೆಂಬರಿನಲ್ಲಿ ಚಾರ್ಜರ್ ತೆಗೆದು ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ನೋಡಿದರೆ 12.7 ವೋಲ್ಟ್. ತೆಗೆದ ತಕ್ಷಣ ಅಳೆದರೆ ಸುಳ್ಳು ಸಂಖ್ಯೆ ಹೆಚ್ಚಾಗಿ ತೋರಿಸುತ್ತದೆ, ಅದಕ್ಕೇ ಕಾದದ್ದು. 12.4 ಇದ್ದರೆ ಕಾಲು ಭಾಗ ಹೋಗಿದೆ ಅಂತ, 12.2 ಇದ್ದರೆ ಅರ್ಧ. ವೈರ್ ಸಿಕ್ಕಿಸಿ ಕೀ ತಿರುಗಿಸಿದೆ, ಒಂದೇ ಸಲಕ್ಕೆ ಸ್ಟಾರ್ಟ್!

ದೊಡ್ಡಪ್ಪ ಮಾತ್ರ ಈಗಲೂ "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿಸಿದ್ರೆ ಇಷ್ಟೆಲ್ಲ ಬೇಕಿತ್ತಾ" ಅಂತಲೇ ಇದ್ದಾರೆ. ನೀವೇನಂತೀರಿ?