ಪಕ್ಕದ ಮನೆಯವರನ್ನು ದೂರುವ ಮುಂಚೆ

"ಮಾಷ್ಟ್ರೇ, ನಮ್ಮ ವೈಫೈಯನ್ನು ಪಕ್ಕದ ಮನೆಯವರು ಕದೀತಿದ್ದಾರೆ!" ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು ಹೇಳಿದಳು. ಅವರ ಮನೆಯಲ್ಲಿರುವುದು ಮೂರು ಫೋನು, ಒಂದು ಟಿವಿ, ಒಂದು ಲ್ಯಾಪ್‌ಟಾಪ್. ರೌಟರಿನ ಪುಟದಲ್ಲಿ ಕಂಡದ್ದು ಆರು ಸಾಧನ. ಆರನೆಯದಕ್ಕೆ ಹೆಸರಿಲ್ಲ, ಬರೀ ವಿಳಾಸ. ಅದು `DA` ಎಂದು ಶುರುವಾಗುತ್ತಿತ್ತು.

ರೌಟರನ್ನು ಒಮ್ಮೆ ಆರಿಸಿ ಹಾಕಲು ಹೇಳಿದೆ. ಪಟ್ಟಿ ಐದಕ್ಕಿಳಿಯಿತು. ಆದರೆ ಮಾಯವಾದದ್ದು ಅಮ್ಮನ ಫೋನಿನ ಹೆಸರು. ಹೆಸರಿಲ್ಲದ್ದು ಅಲ್ಲೇ ಉಳಿಯಿತು. ಅಮ್ಮನ ಫೋನಿನ ವೈಫೈ ಆರಿಸಿದಾಗ ಅದೂ ಹೋಯಿತು. ಕಳ್ಳ ಸಿಕ್ಕಿದ! ಈಚಿನ ಫೋನುಗಳು ತಮ್ಮ ನಿಜ ವಿಳಾಸ ಬಚ್ಚಿಟ್ಟು, ತಾವೇ ಹುಟ್ಟಿಸಿದ ವಿಳಾಸ ಕೊಡುತ್ತವೆ. ವಿಳಾಸದ ಎರಡನೇ ಅಕ್ಷರ `2`, `6`, `A` ಅಥವಾ `E` ಆಗಿದ್ದರೆ ಅದು ಹೀಗೆ ಹುಟ್ಟಿಸಿದ್ದೇ ಇರಬಹುದು. ಹಳೆಯ ವಿಳಾಸ ಪಟ್ಟಿಯಲ್ಲಿ ಉಳಿದಿತ್ತು, ಅಷ್ಟೇ.

ಆದರೂ ಆ ಮನೆಯ ವೈಫೈ ಭದ್ರವಾಗಿರಲಿಲ್ಲ. ಪಾಸ್‌ವರ್ಡ್ ಅಪ್ಪನ ಮೊಬೈಲ್ ನಂಬರು! WPA2 ವಿಧಾನದಲ್ಲಿ ಫೋನು ರೌಟರಿಗೆ ಸೇರುವಾಗ ನಡೆಯುವ ಮಾತುಕತೆಯನ್ನು ಹತ್ತಿರವಿದ್ದವರು ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡಬಹುದು. ಅವರು ನಮ್ಮ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಲೆಕ್ಕ ಮಾಡೋಣ. ನಮ್ಮ ಮೊಬೈಲ್ ನಂಬರು 6, 7, 8 ಅಥವಾ 9ರಿಂದ ಶುರುವಾಗುವ ಹತ್ತು ಅಂಕಿ. ಅಂದರೆ ಹೆಚ್ಚೆಂದರೆ 400 ಕೋಟಿ ನಂಬರು. ಗೇಮ್ ಆಡಲು ಬಳಸುವ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಸುಮಾರು 4 ಲಕ್ಷ ಊಹೆ ಪರೀಕ್ಷಿಸಿದರೆ, 10,000 ಸೆಕೆಂಡಿನಲ್ಲಿ ಎಲ್ಲವೂ ಮುಗಿಯಿತು. ಮೂರು ಗಂಟೆಯೂ ಬೇಡ!

ಈಗ a ಯಿಂದ z ವರೆಗೆ 26 ಚೀಟಿ ಬರೆಯಿರಿ. ಒಂದು ಎತ್ತಿ, ಬರೆದುಕೊಂಡು, ಮತ್ತೆ ಡಬ್ಬಿಗೆ ಹಾಕಿ. ಹೀಗೆ 12 ಸಲ. ಅದೇ ಕಾರ್ಡಿಗೆ ಈ ಎಲ್ಲ ಸಾಧ್ಯತೆ ಮುಗಿಸಲು 7,500 ವರ್ಷಕ್ಕೂ ಹೆಚ್ಚು ಬೇಕು.

ಎನ್‌ಕ್ರಿಪ್ಶನ್ ಜಾಗದಲ್ಲಿ WPA3 ಇದ್ದರೆ ಅದನ್ನೇ ಆರಿಸಿ. ಅದರಲ್ಲಿ ಪ್ರತಿ ಊಹೆಗೂ ರೌಟರನ್ನೇ ಕೇಳಬೇಕು. ಮನೆಗೆ ಒಯ್ದು ಲೆಕ್ಕ ಹಾಕಲಾಗದು. ಹಳೆಯ ಫೋನು ಸೇರದಿದ್ದರೆ WPA2/WPA3 ಮಿಶ್ರ ವಿಧಾನ, ಅದೂ ಇಲ್ಲದಿದ್ದರೆ WPA2 ಜೊತೆ AES. ಈ ಎರಡರಲ್ಲೂ WPA2 ಇರುವುದರಿಂದ ಉದ್ದದ ಪಾಸ್‌ವರ್ಡ್ ಬೇಕೇ ಬೇಕು. WEP ಮತ್ತು TKIP ಬೇಡವೇ ಬೇಡ.

ಅಪರಿಚಿತ ಸಾಧನ ನಿಜವಾಗಿ ಸಿಕ್ಕಿದರೂ ಅದನ್ನು ಬ್ಲಾಕ್ ಮಾಡಿ ಸುಮ್ಮನಾಗುವುದು ಸಾಲದು ಅಂತ ನನ್ನ ಅಭಿಪ್ರಾಯ. ಅಮ್ಮನ ಫೋನೇ ವಿಳಾಸ ಬದಲಿಸುವಾಗ ಕಳ್ಳನ ಫೋನು ಬದಲಿಸದೇ? ಪಾಸ್‌ವರ್ಡ್ ಬದಲಿಸಿದರೆ ಮಾತ್ರ ಅವನು ಹೊರಗೆ. ಮನೆಯ ಐದೂ ಸಾಧನಗಳಿಗೆ ಹೊಸದನ್ನು ಹಾಕುವ ಕೆಲಸ ಹತ್ತು ನಿಮಿಷದ್ದು. ಸುಳ್ಳು ದೂರಿನಿಂದ ಕೆಟ್ಟ ನೆರೆಹೊರೆ ಸರಿಯಾಗಲು ಎಷ್ಟು ದಿನ ಬೇಕೋ!