ಜಾರ್ಜ್‌ಕುಟ್ಟಿಯ ತಪ್ಪೊಪ್ಪಿಗೆಯನ್ನು ನಂಬುವವರಿಗೆ

ವೈಟ್ಟಿಲದಲ್ಲಿ ಬಾಡಿಗೆಗಿದ್ದು ಕಾಕ್ಕನಾಡಿನಲ್ಲಿ ಕೆಲಸ ಮಾಡುವ ನನ್ನಂಥವರಿಗೆ ‘ದೃಶ್ಯಂ’ ಚರ್ಚೆಯಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಜಾರ್ಜ್‌ಕುಟ್ಟಿಯ ತೊಡುಪುಳ ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಮೂರನೇ ಭಾಗದ ಮಾತು ಶುರುವಾದ ಮೇಲಂತೂ ಒಂದು ಥಿಯರಿ ನಮ್ಮ ಹುಡುಗರ ಬಾಯಲ್ಲೂ ಕೇಳುತ್ತಿದೆ: ವರುಣ್ ಅಂಜುವಿನ ಏಟಿಗೆ ಸತ್ತಿರಲಿಲ್ಲ, ಆಮೇಲೆ ಕೊಂದವನು ಜಾರ್ಜ್‌ಕುಟ್ಟಿಯೇ. ಕೇಳಲು ರೋಮಾಂಚನ, ನಿಜ. ಆದರೆ ಈ ಥಿಯರಿ ಚಿತ್ರಕ್ಕೆ ಒಗ್ಗುವುದಿಲ್ಲ ಅನ್ನುವುದು ನನ್ನ ವಾದ. (ರವಿಚಂದ್ರನ್ ಅವರ ‘ದೃಶ್ಯ’ ಮಾತ್ರ ನೋಡಿದವರಿಗೂ ಕಥೆ ಗೊತ್ತಿರುತ್ತದೆ. ಎರಡೂ ಭಾಗ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿ ಬನ್ನಿ.)

ಥಿಯರಿಯವರ ದೊಡ್ಡ ಅಸ್ತ್ರ 2021ರ ಎರಡನೇ ಭಾಗದಲ್ಲಿದೆ. ಅಲ್ಲಿ ಜಾರ್ಜ್‌ಕುಟ್ಟಿ ಪೊಲೀಸರ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ. "ಅವನೇ ಹೇಳಿದನಲ್ಲ, ಇನ್ನೇನು ಬೇಕು?" ಅನ್ನುತ್ತಾರೆ. ಇಲ್ಲೇ ಎಡವುವುದು. ತೆರೆಯ ಮೇಲೆ ಬರುವ ಎಲ್ಲವೂ ಒಂದೇ ತೂಕದ ಸಾಕ್ಷಿಯಲ್ಲ. ಕ್ಯಾಮೆರಾ ನಮಗೆ ನೇರವಾಗಿ ತೋರಿಸಿದ್ದು ಬೇರೆ, ಪಾತ್ರವೊಂದು ಇನ್ನೊಂದು ಪಾತ್ರಕ್ಕೆ ಹೇಳಿದ್ದು ಬೇರೆ. ಶೆಡ್ಡಿನಲ್ಲಿ ಅಂಜು ಹೊಡೆದದ್ದು, ಅವನು ಬಿದ್ದದ್ದು, ತಾಯಿ ಮಗಳು ಸೇರಿ ಹೆಣವನ್ನು ಗೊಬ್ಬರದ ಗುಂಡಿಗೆ ಹಾಕಿದ್ದು, ಇವು ಯಾರೂ ಯಾರಿಗೋ ಹೇಳಿದ ಕಥೆಗಳಲ್ಲ. ನಾವೇ ನೋಡಿದ್ದೇವೆ. ತಪ್ಪೊಪ್ಪಿಗೆಯಾದರೋ ಹೆಂಡತಿ ಮಕ್ಕಳನ್ನು ಪೊಲೀಸರ ಕೈಯಿಂದ ಬಿಡಿಸಲು ಹೊರಟವನ ಮಾತು. ಸುಳ್ಳು ಹೇಳಲು ಅವನಿಗೆ ಕಾರಣವಿದೆ, ಅದನ್ನು ಚಿತ್ರವೇ ತೋರಿಸಿದೆ. ಅದಕ್ಕಿಂತ ಹೆಚ್ಚಾಗಿ, ತೊಡುಪುಳದ ಪ್ರವಾಸದ ವಿಚಾರದಲ್ಲಿ ಇಡೀ ಊರನ್ನು ನಂಬಿಸಿದವನು ಅವನು. ಹೋಟೆಲಿನವರು, ಥಿಯೇಟರಿನವರು, ಕಂಡಕ್ಟರ್ ಎಲ್ಲರೂ ತಾವು ನೋಡಿದ್ದನ್ನೇ ಪ್ರಾಮಾಣಿಕವಾಗಿ ಹೇಳಿದರು, ತಾರೀಖು ಮಾತ್ರ ತಪ್ಪಾಗಿತ್ತು. ಅಂಥವನ ಬಾಯಿಮಾತನ್ನು ಹಿಡಿದು ಕಣ್ಣಾರೆ ಕಂಡದ್ದನ್ನು ಅಳಿಸುವುದೆಂದರೆ, ಐಜಿ ಗೀತಾ ಪ್ರಭಾಕರ್ ಕೂಡ ಮಾಡದ ತಪ್ಪನ್ನು ನಾವು ಮಾಡಿದಂತೆ.

ಇನ್ನು ಗಡಿಯಾರದ ಲೆಕ್ಕ. ಆ ರಾತ್ರಿ ಜಾರ್ಜ್‌ಕುಟ್ಟಿ ತನ್ನ ಕೇಬಲ್ ಆಫೀಸಿನಲ್ಲಿ ಕೂತು ಸಿನಿಮಾ ನೋಡುತ್ತಿದ್ದ. ಮನೆಗೆ ಬಂದದ್ದು ಹೆಣ ಹೂತ ಎಷ್ಟೋ ಹೊತ್ತಿನ ಮೇಲೆ. ಹಾಗಾದರೆ ಥಿಯರಿ ನಿಲ್ಲಬೇಕಾದರೆ ತಲೆಗೆ ಏಟು ಬಿದ್ದ ಹುಡುಗ ಗಂಟೆಗಟ್ಟಲೆ ಗುಂಡಿಯೊಳಗೆ ಉಸಿರು ಹಿಡಿದುಕೊಂಡಿದ್ದು, ಆಮೇಲೆ ಇವನು ತೋಡಿ, ಜೀವವಿದೆ ಎಂದು ಕಂಡು, ಕೊಂದಿರಬೇಕು. ಇದರಲ್ಲಿ ಒಂದೇ ಒಂದು ತುಣುಕೂ ತೆರೆಯ ಮೇಲಿಲ್ಲ. "ಯಾರೂ ನಾಡಿ ಹಿಡಿದು ನೋಡಲಿಲ್ಲ" ಎಂಬ ವಾದವೂ ಇದೆ. ನೋಡಲಿಲ್ಲ ಅನ್ನುವುದು ಅನುಮಾನಕ್ಕೆ ಜಾಗ ಕೊಡುತ್ತದೆಯೇ ಹೊರತು ಅದೇ ಸುಳಿವಾಗುವುದಿಲ್ಲ.

ಸುಳಿವು ಅಂದರೆ ಹೇಗಿರುತ್ತದೆ? 2013ರ ಚಿತ್ರದಲ್ಲೇ ಉದಾಹರಣೆಯಿದೆ. ಪೊಲೀಸರು ಗುಂಡಿ ತೋಡಿದಾಗ ವರುಣ್ ಸಿಗುವುದಿಲ್ಲ, ಪ್ರಾಣಿಯ ಕಳೇಬರ ಸಿಗುತ್ತದೆ. ಹೆಣ ಎಲ್ಲಿಗೆ ಹೋಯಿತು ಎಂಬುದು ನಿಜವಾದ ಖಾಲಿ ಜಾಗ. ಅದಕ್ಕೆ ಉತ್ತರವನ್ನು ನಿರ್ದೇಶಕ ಜೀತು ಜೋಸೆಫ್ ಕಟ್ಟುತ್ತಿರುವ ಪೊಲೀಸ್ ಸ್ಟೇಷನ್ನಿನ ರೂಪದಲ್ಲಿ ನಮ್ಮ ಕಣ್ಣೆದುರಿಗೇ ಇಟ್ಟಿದ್ದರು. ಕೊನೆಗೆ ಅಲ್ಲಿಂದ ಗುದ್ದಲಿ ಹಿಡಿದು ಹೊರಬರುವ ಜಾರ್ಜ್‌ಕುಟ್ಟಿಯನ್ನೂ ತೋರಿಸಿದರು. ಎರಡನೇ ಭಾಗದಲ್ಲಿ ಜೋಸ್ ಎಂಬವನು ಅದೇ ರಾತ್ರಿ ಅವನನ್ನು ಅಲ್ಲಿ ನೋಡಿದ್ದ ಎಂದು ಸೇರಿಸಿದಾಗ, ಮೊದಲ ಚಿತ್ರದ ಒಂದು ಫ್ರೇಮೂ ಸುಳ್ಳಾಗಲಿಲ್ಲ. ಹಳೆಯ ಖಾಲಿ ಜಾಗಕ್ಕೆ ಹೊಸದೊಂದು ಬಂದು ಕೂತಿತು ಅಷ್ಟೆ. ಥಿಯರಿ ಕಟ್ಟುವವರು ಮಾಡಬೇಕಾದದ್ದು ಇದನ್ನೇ. ವರುಣನ ಸಾವು ಖಾಲಿ ಜಾಗವಲ್ಲ, ತುಂಬಿದ ಜಾಗ. ಅದನ್ನು ಕಿತ್ತು ಬೇರೆ ಕೂರಿಸಬೇಕಾದರೆ ಪುರಾವೆಯೂ ಅಷ್ಟೇ ಗಟ್ಟಿ ಇರಬೇಕು: ಅಲುಗಿದ ಬೆರಳು, ಕೆದಕಿದ ಮಣ್ಣು, ಇನ್ನೊಂದು ಆಯುಧ, ಏನಾದರೂ.

"ಅಷ್ಟು ತಣ್ಣಗಿರುವವನು ಕೊಲೆಗಾರನೇ ಇರಬೇಕು" ಎಂದು ಒಬ್ಬ ಮಿತ್ರರು ಹೇಳಿದರು. ಸ್ವಾಮಿ, ಅವನ ತಣ್ಣನೆಯ ಲೆಕ್ಕಾಚಾರ ಎಲ್ಲಿಂದ ಬಂತೆಂದು ಚಿತ್ರ ಹೇಳಿಯಾಗಿದೆ, ನಾಲ್ಕನೇ ಕ್ಲಾಸು ಓದಿದ ಆ ಮನುಷ್ಯ ಹಗಲು ರಾತ್ರಿ ಸಿನಿಮಾ ನೋಡಿ ಕಲಿತದ್ದು ಅದು. ಒಮ್ಮೆ ವಿವರಿಸಿದ್ದಕ್ಕೆ ಮತ್ತೊಂದು ವಿವರಣೆ ತಂದರೆ ಥಿಯರಿಗೆ ಅಂಕ ಸಿಗುವುದಿಲ್ಲ.

ನಷ್ಟವನ್ನೂ ಲೆಕ್ಕ ಹಾಕಿ. ಕೊಂದವನು ಇವನೇ ಆದರೆ, ಆರು ವರ್ಷದ ನಂತರವೂ ಪೊಲೀಸರನ್ನು ಕಂಡರೆ ಫಿಟ್ಸ್ ಬರುವಷ್ಟು ನರಳುವ ಮಗಳಿಗೆ "ನೀನು ಕೊಲ್ಲಲಿಲ್ಲಮ್ಮ" ಅಂತ ಅವನು ಒಂದು ಮಾತು ಹೇಳಬಹುದಿತ್ತು. ಹೇಳುವುದಿಲ್ಲ. ಥಿಯರಿಯವರು ಇದಕ್ಕೆ ಉತ್ತರ ಕೊಡಲಿ, ಮೂರನೇ ಭಾಗವನ್ನು ಪಕ್ಕದಲ್ಲೇ ಕೂತು ನೋಡೋಣ.