ಕಡಲ್ಕೊರೆತದ ಕಡತಕ್ಕೆ ಸಹಿ ಹಾಕುವ ಮೊದಲು
ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮಳೆಗಾಲ ಬಂತೆಂದರೆ ಉಳ್ಳಾಲ, ಸಸಿಹಿತ್ಲು, ಮರವಂತೆಗಳ ಕಡೆಯಿಂದ ತಮ್ಮ ಮೇಜಿಗೆ ಅರ್ಜಿಗಳು ಬರುತ್ತವೆ. ಬುಡ ಸಮೇತ ಉರುಳಿದ ತೆಂಗಿನಮರದ ಫೋಟೊ, ಅರ್ಧ ಕುಸಿದ ರಸ್ತೆಯ ಫೋಟೊ, ಜೊತೆಗೆ ಕಲ್ಲಿನ ತಡೆಗೋಡೆ ಬೇಕೆಂಬ ಮನವಿ. ಈಚೆಗೆ ಇಂಥ ಕಡತಗಳಲ್ಲಿ ಇನ್ನೊಂದು ಹಾಳೆಯೂ ಇರುತ್ತದೆ. ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿ, ಇಲ್ಲಿ ತೀರ ವರ್ಷಕ್ಕೆ ಇಷ್ಟು ಮೀಟರ್ ಹಿಂದೆ ಸರಿಯುತ್ತಿದೆ ಎನ್ನುವ ಹಾಳೆ ಅದು. ಫೋಟೊಗಿಂತ ಅಂಕಿ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಆದರೆ ಆ ಅಂಕಿ ಹುಟ್ಟುವ ಬಗೆ ಗೊತ್ತಿಲ್ಲದಿದ್ದರೆ ಅದು ಫೋಟೊಗಿಂತ ಹೆಚ್ಚು ದಾರಿ ತಪ್ಪಿಸಬಲ್ಲದು. ತೀರದ ನಕ್ಷೆ ಬಿಡಿಸುವ ಕೆಲಸದಲ್ಲಿರುವವನಾಗಿ, ಆ ಹಾಳೆಯನ್ನು ಹೇಗೆ ಓದಬೇಕೆಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ವಿಧಾನ ಸರಳ. ಬೇರೆ ಬೇರೆ ವರ್ಷಗಳ ಚಿತ್ರಗಳಲ್ಲಿ ನೆಲ ಮತ್ತು ನೀರಿನ ಗಡಿಯನ್ನು ಗುರುತಿಸಿ ಪ್ರತಿ ವರ್ಷಕ್ಕೊಂದು ತೀರರೇಖೆ ಎಳೆಯುತ್ತೇವೆ. ತೀರದ ಹಿಂದೆ, ನೆಲದ ಮೇಲೆ, ಅದಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಒಂದು ಆಧಾರರೇಖೆ ಹಾಕುತ್ತೇವೆ. ಆ ಆಧಾರರೇಖೆಯಿಂದ ಕಡಲಿನತ್ತ, ಐವತ್ತೋ ನೂರೋ ಮೀಟರಿಗೊಂದರಂತೆ, ಲಂಬವಾದ ಅಡ್ಡಗೆರೆಗಳು ಹೊರಡುತ್ತವೆ. ಇವಕ್ಕೆ ಟ್ರಾನ್ಸೆಕ್ಟ್ ಎನ್ನುತ್ತಾರೆ. ಪ್ರತಿ ಅಡ್ಡಗೆರೆಯೂ ಸಾಮಾನ್ಯವಾಗಿ ಎಲ್ಲ ವರ್ಷಗಳ ತೀರರೇಖೆಗಳನ್ನು ಒಂದೊಂದು ಬಿಂದುವಿನಲ್ಲಿ ಕತ್ತರಿಸುತ್ತದೆ. ಆಧಾರರೇಖೆಯಿಂದ ಆ ಬಿಂದುಗಳಿಗೆ ಇರುವ ದೂರವೇ ನಮ್ಮ ಅಳತೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸಿದ್ಧಪಡಿಸಿದ ಡಿಎಸ್‌ಎಎಸ್ ಎಂಬ ತಂತ್ರಾಂಶ ಈ ಗೆರೆಗಳನ್ನೂ ಲೆಕ್ಕವನ್ನೂ ತಾನೇ ಮಾಡಿಕೊಡುತ್ತದೆ. ಜಗತ್ತಿನ ಅನೇಕ ಕರಾವಳಿ ಅಧ್ಯಯನಗಳು ಇದನ್ನೇ ಬಳಸುತ್ತವೆ.

ಒಂದು ಅಡ್ಡಗೆರೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಅದರ ಮೇಲೆ ತೀರ 1990ರಲ್ಲಿ ಆಧಾರರೇಖೆಯಿಂದ 120 ಮೀಟರ್ ದೂರದಲ್ಲಿತ್ತು. 2000ದಲ್ಲಿ 112, 2010ರಲ್ಲಿ 96, 2020ರಲ್ಲಿ 94. ಮೊದಲ ಮತ್ತು ಕೊನೆಯ ವರ್ಷವನ್ನಷ್ಟೇ ಹಿಡಿದರೆ ಮೂವತ್ತು ವರ್ಷಕ್ಕೆ 26 ಮೀಟರ್ ನಷ್ಟ, ಅಂದರೆ ವರ್ಷಕ್ಕೆ 0.87 ಮೀಟರ್. ನಾಲ್ಕೂ ಬಿಂದುಗಳ ನಡುವೆ ಅತಿ ಹತ್ತಿರ ಹಾದುಹೋಗುವ ಒಂದು ಸರಳರೇಖೆ ಎಳೆದು ಅದರ ಇಳಿಜಾರು ನೋಡಿದರೆ ವರ್ಷಕ್ಕೆ 0.94 ಮೀಟರ್. ಕಡತದಲ್ಲಿ ಸಾಮಾನ್ಯವಾಗಿ ಕಾಣುವುದು ಈ ಎರಡರಲ್ಲೊಂದು. ಎರಡೂ ಹತ್ತಿರ ಹತ್ತಿರ ಇರುವುದರಿಂದ ವಿಷಯ ಇತ್ಯರ್ಥವಾಯಿತು ಎನಿಸುತ್ತದೆ. ಆದರೆ ಈ ಒಂದೇ ಗೆರೆಯಲ್ಲಿ ಮೂರು ಪ್ರಶ್ನೆಗಳು ಅಡಗಿವೆ.

ಮೊದಲನೆಯದು, ಪ್ರತಿ ಬಿಂದು ಎಷ್ಟು ನಿಖರ? 1990ರ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಅಗಲ. 2015ರ ನಂತರ ಸಿಗುವ ಸೆಂಟಿನೆಲ್-2 ಚಿತ್ರಗಳಲ್ಲಿ ಅದು 10 ಮೀಟರ್. 1:50,000 ಅಳತೆಯ ಹಳೆಯ ಟೊಪೊ ಶೀಟ್‌ನಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ 25 ಮೀಟರ್ ಮುಚ್ಚಿಬಿಡುತ್ತದೆ. ಇದರ ಮೇಲೆ ಉಬ್ಬರ ಇಳಿತ. ಮಂಗಳೂರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ ನೀರಿನ ಏರಿಳಿತ ಸುಮಾರು ಒಂದೂವರೆ ಮೀಟರ್. ಹದಿನೈದು ಮೀಟರಿಗೆ ಒಂದು ಮೀಟರ್ ಇಳಿಯುವ ಮರಳಿನ ತೀರದಲ್ಲಿ ನೀರು ಒಂದು ಮೀಟರ್ ಏರಿದರೆ ನೀರಿನ ಅಂಚು 15 ಮೀಟರ್ ಒಳಗೆ ಬರುತ್ತದೆ. ಎರಡು ಚಿತ್ರಗಳಲ್ಲಿ ಒಂದು ಉಬ್ಬರದಲ್ಲಿ, ಇನ್ನೊಂದು ಇಳಿತದಲ್ಲಿ ತೆಗೆದದ್ದಾದರೆ, ಒಂದು ಹಿಡಿ ಮರಳೂ ಹೋಗದೆ ಕಾಗದದ ಮೇಲೆ ಕೊರೆತ ಆಗಿಬಿಡುತ್ತದೆ.

ಈ ದೋಷಗಳನ್ನು ಕೂಡಿಸಲು ಒಂದು ಕ್ರಮವಿದೆ. ನಮ್ಮ ಉದಾಹರಣೆಯಲ್ಲಿ 1990ರ ಬಿಂದುವಿಗೆ 20 ಮೀಟರ್, 2020ರ ಬಿಂದುವಿಗೆ 10 ಮೀಟರ್ ಅನಿಶ್ಚಿತತೆ ಎಂದಿಟ್ಟುಕೊಳ್ಳಿ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 22 ಮೀಟರ್. ಮೂವತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 0.75 ಮೀಟರ್. ಅಂದರೆ ನಮ್ಮ ಉತ್ತರ 0.87, ಹೆಚ್ಚು ಕಡಿಮೆ 0.75. ಕೊರೆತ ಇದೆ ಎನ್ನಬಹುದು, ಅಷ್ಟೆ. ಈಗ ಯಾರಾದರೂ 2016 ಮತ್ತು 2020ರ ಚಿತ್ರಗಳನ್ನು ಮಾತ್ರ ಹೋಲಿಸಿ ವರ್ಷಕ್ಕೆ 2 ಮೀಟರ್ ಕೊರೆತ ಎಂದು ಬರೆದರೆಂದುಕೊಳ್ಳಿ. ಎರಡೂ ಚಿತ್ರಗಳು ತಲಾ 10 ಮೀಟರ್ ನಿಖರವಾಗಿದ್ದರೂ ನಾಲ್ಕು ವರ್ಷದ ಅಂತರದಲ್ಲಿ ದೋಷ ವರ್ಷಕ್ಕೆ ಮೂರೂವರೆ ಮೀಟರ್. ಉತ್ತರಕ್ಕಿಂತ ದೋಷವೇ ದೊಡ್ಡದು. ಹೊಸ ಚಿತ್ರ ಒಳ್ಳೆಯದೇ, ಆದರೆ ಕಾಲದ ಅಂತರ ಕಡಿಮೆಯಾದಷ್ಟೂ ಲೆಕ್ಕ ಬಡವಾಗುತ್ತದೆ.

ಸಾಲಾಗಿ ನೂರು ಅಡ್ಡಗೆರೆಗಳು ಒಂದೇ ಉತ್ತರ ಕೊಡುತ್ತಿವೆ, ಹಾಗಾಗಿ ದೋಷ ಅಳಿಸಿಹೋಯಿತು ಎಂಬ ವಾದವೂ ತಮ್ಮ ಮುಂದೆ ಬರಬಹುದು. ಚಿತ್ರವನ್ನು ನಕ್ಷೆಗೆ ಕೂಡಿಸುವಾಗಲೇ ಅದು ಇಡಿಯಾಗಿ 15 ಮೀಟರ್ ಪೂರ್ವಕ್ಕೆ ಜರುಗಿದ್ದರೆ ನೂರೂ ಗೆರೆಗಳು ಒಂದೇ ಸುಳ್ಳನ್ನು ಹೇಳುತ್ತವೆ. ಇದನ್ನು ಹಿಡಿಯುವುದು ಕಷ್ಟವಲ್ಲ. ನೇತ್ರಾವತಿಯ ರೈಲು ಸೇತುವೆಯಂಥ ಕದಲದ ಗುರುತು ಎರಡೂ ಚಿತ್ರಗಳಲ್ಲಿ ಒಂದೇ ಜಾಗದಲ್ಲಿದೆಯೇ ಎಂದು ನೋಡಿದರೆ ಸಾಕು. ಸೇತುವೆಯೂ ತೀರದಷ್ಟೇ ಸರಿದಿದ್ದರೆ ಕಡಲನ್ನು ದೂರಬೇಕಿಲ್ಲ.

ಋತುವಿನ ಮಾತೂ ಇದಕ್ಕೆ ಸೇರಿದ್ದೇ. ಜೂನ್‌ನಿಂದ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ಇಡುತ್ತವೆ. ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ಅದನ್ನು ತಿಂಗಳುಗಟ್ಟಲೆ ನಿಧಾನಕ್ಕೆ ಹಿಂದಕ್ಕೆ ತರುತ್ತವೆ. ಮಳೆಗಾಲದಲ್ಲಿ ಮೋಡದಿಂದಾಗಿ ಉಪಗ್ರಹಕ್ಕೆ ತೀರ ಕಾಣುವುದು ಅಪರೂಪ, ಹಾಗಾಗಿ ಚಿತ್ರಗಳು ಹೆಚ್ಚಾಗಿ ಅಕ್ಟೋಬರ್ ನಂತರದವು. ಆದರೂ ಮರಳು ಇನ್ನೂ ಮರಳಿ ಬರುತ್ತಿರುವ ಅಕ್ಟೋಬರ್ ಬೇರೆ, ತೀರ ತುಂಬಿಕೊಂಡಿರುವ ಫೆಬ್ರವರಿ ಬೇರೆ. ಒಂದು ವರ್ಷದ ಫೆಬ್ರವರಿಯನ್ನು ಇನ್ನೊಂದು ವರ್ಷದ ಅಕ್ಟೋಬರಿಗೆ ಹೋಲಿಸಿದರೆ ವಾರ್ಷಿಕ ಉಸಿರಾಟವೇ ಶಾಶ್ವತ ನಷ್ಟವಾಗಿ ಕಾಣುತ್ತದೆ. ಹಾಳೆಯಲ್ಲಿ ವರ್ಷದ ಜೊತೆ ತಿಂಗಳು, ದಿನ, ಆ ಹೊತ್ತಿನ ಉಬ್ಬರದ ಮಟ್ಟ ನಮೂದಾಗಿರಲೇಬೇಕು.

ಎರಡನೆಯ ಪ್ರಶ್ನೆ, ಈ ಮೂವತ್ತು ವರ್ಷವೂ ಒಂದೇ ಬಗೆಯದೇ? ಉಳ್ಳಾಲವನ್ನೇ ನೋಡಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಒಟ್ಟಾಗಿ ಕಡಲು ಸೇರುವ ಅಳಿವೆಬಾಗಿಲಿನಲ್ಲಿ ಹಳೆ ಬಂದರಿಗಾಗಿ 1990ರ ದಶಕದಲ್ಲಿ ಎರಡು ಬ್ರೇಕ್‌ವಾಟರ್‌ಗಳು ಎದ್ದವು. ಅವುಗಳ ಉತ್ತರಕ್ಕೆ ಬೆಂಗ್ರೆಯಲ್ಲಿ ಮರಳು ಸೇರಿತು, ದಕ್ಷಿಣಕ್ಕೆ ಉಳ್ಳಾಲದಲ್ಲಿ ಕೊರೆತ ಹೆಚ್ಚಿತು. ಮುಂದೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ ಉಳ್ಳಾಲದ ಕಡಲಿನಲ್ಲಿ ರೀಫ್‌ಗಳನ್ನು ಕಟ್ಟಲಾಯಿತು. ಬ್ರೇಕ್‌ವಾಟರ್‌ಗೆ ಮುಂಚಿನ ಕಾಲ, ಅದರ ನಂತರದ ಕಾಲ, ರೀಫ್ ಬಂದ ನಂತರದ ಕಾಲ ಮೂರೂ ಬೇರೆ ಬೇರೆ. ಮೂರನ್ನೂ ಒಂದೇ ಸರಳರೇಖೆಯಲ್ಲಿ ಪೋಣಿಸಿದರೆ ಬರುವ ದರ ಯಾವ ಕಾಲಕ್ಕೂ ಸೇರದು. ಹಾಗೆಯೇ ಬೆಂಗ್ರೆಯ ಗೆರೆಗಳನ್ನೂ ಉಳ್ಳಾಲದ ಗೆರೆಗಳನ್ನೂ ಸೇರಿಸಿ ಸರಾಸರಿ ಮಾಡಿದರೆ, ಒಂದರ ಲಾಭ ಇನ್ನೊಂದರ ನಷ್ಟವನ್ನು ನುಂಗಿ, ಏನೂ ಆಗಿಲ್ಲವೆಂಬ ಉತ್ತರ ಬರಬಹುದು. ಜಿಲ್ಲೆಗೊಂದು ಸರಾಸರಿ ಕೊಡುವ ವರದಿ ಯಾವ ಕಾಮಗಾರಿಗೂ ಆಧಾರವಾಗಲಾರದು.

ಮೂರನೆಯ ಪ್ರಶ್ನೆಯೇ ನನ್ನ ಈ ಪತ್ರಕ್ಕೆ ಮುಖ್ಯ ಕಾರಣ. ಉದಾಹರಣೆಯ ಗೆರೆಗೆ ಮತ್ತೆ ಬನ್ನಿ. 2000ದಿಂದ 2010ರೊಳಗೆ ತೀರ 16 ಮೀಟರ್ ಸರಿಯಿತು, 2010ರಿಂದ 2020ರೊಳಗೆ ಎರಡೇ ಮೀಟರ್. ಕೊರೆತ ನಿಂತಿತೆಂದು ಯಾರಾದರೂ ಹೇಳುವಂತಿದೆ. ಆದರೆ 2010ರ ಸುಮಾರಿಗೆ ಅಲ್ಲಿ ಬಂಡೆಕಲ್ಲಿನ ತಡೆಗೋಡೆ ಬಂದಿದ್ದರೆ? ಗೋಡೆ ಇದ್ದಲ್ಲಿ ನೀರಿನ ಅಂಚು ಗೋಡೆಗೆ ತಾಗಿ ನಿಲ್ಲುತ್ತದೆ, ಅದರಾಚೆ ಬರಲಾರದು. ಮುಂದಿದ್ದ ಮರಳಿನ ತೀರ ಇಡಿಯಾಗಿ ಮಾಯವಾದರೂ, ಗೋಡೆಯ ಬುಡ ತಗ್ಗುತ್ತಾ ಕಲ್ಲುಗಳು ಒಂದೊಂದಾಗಿ ಹೂತುಹೋಗುತ್ತಿದ್ದರೂ, ಅಡ್ಡಗೆರೆಯ ಲೆಕ್ಕದಲ್ಲಿ ಬದಲಾವಣೆ ಸೊನ್ನೆ. ಬಣ್ಣ ಹಚ್ಚಿದ ನಕ್ಷೆಯಲ್ಲಿ ಅದು ಸ್ಥಿರ ತೀರ. ಗೋಡೆ ಕಟ್ಟಿದಷ್ಟೂ ನಮ್ಮ ಕರಾವಳಿಯ ವರದಿ ಸುಧಾರಿಸುತ್ತಾ ಹೋಗುತ್ತದೆ. ದೋಣಿ ಎಳೆದಿಡಲು, ಬಲೆ ಹರಡಲು ಜಾಗವಿಲ್ಲದ ಮೀನುಗಾರರಿಗೆ ಮಾತ್ರ ಈ ಸುಧಾರಣೆ ಕಾಣುವುದಿಲ್ಲ.

ಗೋಡೆಯ ಪರಿಣಾಮ ಗೋಡೆಯ ಮುಂದಿನ ಗೆರೆಗಳಲ್ಲಿ ಕಾಣದಿದ್ದರೂ ಅದು ಮುಗಿಯುವ ತುದಿಯಾಚೆ ಕಾಣುತ್ತದೆ. ಅಲೆಗಳು ಆ ತುದಿಯನ್ನು ಸುತ್ತಿ ಪಕ್ಕದ ಮರಳನ್ನು ಕೆದಕುತ್ತವೆ. ಮೊದಲ ಐವತ್ತು, ನೂರು ಮೀಟರಿನಲ್ಲಿ ಕೊರೆತ ಚುರುಕಾಗಿ, ಮುಂದೆ ಹೋದಂತೆ ಕಡಿಮೆಯಾಗುವ ಸಾಲು ಅಲ್ಲಿ ಮೂಡುತ್ತದೆ. ಇದನ್ನು ನೋಡಲು ಗೆರೆಗಳು ಹತ್ತಿರ ಹತ್ತಿರ ಇರಬೇಕು. ಐನೂರು ಮೀಟರಿಗೊಂದು ಗೆರೆ ಹಾಕಿದರೆ ಈ ಸಾಲು ಎರಡು ಗೆರೆಗಳ ನಡುವೆಯೇ ಕಳೆದುಹೋಗುತ್ತದೆ. ಮುಂದಿನ ವರ್ಷ ಅದೇ ಜಾಗದಿಂದ ಗೋಡೆಯನ್ನು ಮುಂದುವರಿಸಿ ಎಂಬ ಅರ್ಜಿ ಬಂದಾಗ ಅದು ಹೊಸ ಕೊರೆತವೆಂದೇ ಭಾವಿಸಲಾಗುತ್ತದೆ. ಸಸಿಹಿತ್ಲಿನಂಥ ಅಳಿವೆಗಳ ಬಳಿಯ ಮರಳದಿಬ್ಬಗಳಲ್ಲಂತೂ ಈ ಲೆಕ್ಕವನ್ನೇ ಬಿಡುವುದು ಲೇಸು. ಅಲ್ಲಿ ನದಿಯ ಬಾಯಿಯೇ ಜಾಗ ಬದಲಿಸುತ್ತದೆ. ಒಂದೇ ಗೆರೆ ಒಂದೇ ವರ್ಷದ ತೀರವನ್ನು ಎರಡು ಮೂರು ಕಡೆ ಕತ್ತರಿಸುತ್ತದೆ, ತಂತ್ರಾಂಶ ಅದರಲ್ಲೊಂದನ್ನು ಆರಿಸಿಕೊಳ್ಳುತ್ತದೆ.

ಹೀಗಿರುವಾಗ ತಮ್ಮಲ್ಲಿ ನನ್ನ ಕೋರಿಕೆಗಳು ಮೂರು. ಒಂದು, ಮೂರು ಕರಾವಳಿ ಜಿಲ್ಲೆಗಳಿಗೂ ಒಂದೇ ಆಧಾರರೇಖೆ, ಐವತ್ತು ಮೀಟರಿಗೊಂದು ಸಂಖ್ಯೆ ಕೊಟ್ಟ ಅಡ್ಡಗೆರೆ ನಿಗದಿಯಾಗಲಿ. ಪ್ರತಿ ಸಮೀಕ್ಷೆಯೂ ತನ್ನದೇ ರೇಖೆ ಹಾಕಿಕೊಂಡರೆ ಈ ವರ್ಷದ ಲೆಕ್ಕವನ್ನು ಹೋದ ವರ್ಷದ್ದಕ್ಕೆ ಹೋಲಿಸುವುದು ಅಸಾಧ್ಯ. ಎರಡು, ಆ ಗೆರೆಗಳ ಪೈಕಿ ಕೊರೆತದ ಜಾಗಗಳಲ್ಲಿ ಮಳೆಗಾಲ ಮುಗಿದ ಕೂಡಲೇ ಮತ್ತು ಫೆಬ್ರವರಿಯಲ್ಲಿ ಜಿಪಿಎಸ್ ಹಿಡಿದು ನಡೆದು ಅಳೆಯಲಿ. ನೀರಿನ ಅಂಚು ಮಾತ್ರ ಸಾಲದು. ಬಳ್ಳಿ, ಗಾಳಿಮರ ಶುರುವಾಗುವ ಅಂಚನ್ನೂ, ಗೋಡೆಯಿದ್ದರೆ ಅದರ ಬುಡದ ಎತ್ತರವನ್ನೂ ಬರೆದುಕೊಳ್ಳಲಿ. ನೀರಿನ ಅಂಚಿನಿಂದ ಬಳ್ಳಿಯ ಅಂಚು ಅಥವಾ ಗೋಡೆಯ ಬುಡದವರೆಗಿನ ಮರಳಿನ ಅಗಲವೇ ಗೋಡೆಯ ಜಾಗಗಳ ನಿಜವನ್ನು ಹೇಳುತ್ತದೆ. ಮೂರು, ನಕ್ಷೆಗಳಲ್ಲಿ ಗೋಡೆಯಿರುವ ತೀರಕ್ಕೆ ಸ್ಥಿರ ಎಂಬ ಹೆಸರು ಬೇಡ, ಅದಕ್ಕೆ ಬೇರೆಯದೇ ಬಣ್ಣವಿರಲಿ.

ಈ ವ್ಯವಸ್ಥೆ ಬರಲು ಸಮಯ ಬೇಕು, ಅರ್ಜಿಗಳು ಕಾಯುವುದಿಲ್ಲ. ಅದುವರೆಗೆ ತಮ್ಮ ಮುಂದೆ ಬರುವ ಪ್ರತಿ ಕಡತದಲ್ಲಿ ಎಂಜಿನಿಯರರನ್ನು ಮೂರು ಮಾತು ಕೇಳಿ: ಈ ದರದ ದೋಷ ಎಷ್ಟು, ಈ ಅವಧಿಯೊಳಗೆ ಇಲ್ಲಿ ಏನೇನು ಕಟ್ಟಿದ್ದೀರಿ, ಕಟ್ಟಿದ್ದರ ತುದಿಯಾಚೆಯ ಗೆರೆಗಳು ಏನು ಹೇಳುತ್ತವೆ? ಉತ್ತರ ಇಲ್ಲದ ಕಡತವನ್ನು ಉತ್ತರದೊಂದಿಗೆ ಬರುವಂತೆ ಹಿಂದಕ್ಕೆ ಕಳಿಸಿ.

ಇತಿ ತಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ನಕ್ಷೆಗಾರ